‘ಅಲ್ಲಿ’ ಅಂದ್ರೆ ಇನ್, ಆನ್ ಅಥವಾ ಆ್ಯಟ್? ಮಲ್ಪೆಯಿಂದ ಒಂದು ಪ್ರಶ್ನೆ

ತೆಂಗಿನ ತೋಟದ ಮನೆ, ಮಲ್ಪೆ

ಎಲ್ಲರಿಗೂ ನಮಸ್ಕಾರ. ಮಲ್ಪೆಯಲ್ಲಿ ನಮ್ಮದು ಮೂರು ಕೋಣೆಯ ಸಣ್ಣ ಹೋಮ್‌ಸ್ಟೇ. ಅಡುಗೆ ಅತ್ತೆಯದ್ದು, ಕಾರು ಗಂಡನದ್ದು, ಬರುವವರಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಬರೆಯುವ ಕೆಲಸ ನನ್ನದು. ನಾನು ಓದಿದ್ದು ಪೂರ್ತಿ ಕನ್ನಡ ಮೀಡಿಯಂ. ಮಾತಾಡಲು ಹೆದರಿಕೆ ಇಲ್ಲ. ಆದರೆ ಇನ್, ಆನ್, ಆ್ಯಟ್ ಈ ಮೂರರಲ್ಲಿ ಯಾವುದು ಎಲ್ಲಿ ಅಂತ ಪ್ರತಿ ಸಲ ಅಂದಾಜಿನಲ್ಲಿ ಹಾಕುತ್ತೇನೆ.

ಕಳೆದ ತಿಂಗಳು ಒಂದೇ ಕುಟುಂಬಕ್ಕೆ ಎರಡು ಸಲ ತೊಂದರೆ ಮಾಡಿದೆ. ಮೊದಲನೆಯದು, ‘ಅವರ್ ಹೌಸ್ ಈಸ್ ಆನ್ ದ ಬೀಚ್’ ಅಂತ ಬರೆದಿದ್ದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ‘ನಮ್ಮ ಮನೆ ಬೀಚಿನಲ್ಲಿ’ ಅಂತ. ನಾವು ಹಾಗೇ ಹೇಳುವುದಲ್ವಾ? ಮನೆ ಇರುವುದು ನೀರಿನಿಂದ ಸುಮಾರು 400 ಮೀಟರ್ ಈಚೆ, ತೋಟ ದಾಟಿ. ಅವರು ಬಂದವರೇ ಕಿಟಕಿ ತೆಗೆದು ನೋಡಿದರು. ಮುಖ ಸಣ್ಣದಾಯಿತು. ನಾನು ಸುಳ್ಳು ಬರೆದೆ ಅಂತಲೇ ತಿಳಿದರು.

ಎರಡನೆಯದು ಇನ್ನೂ ಬೇಜಾರಿನದ್ದು. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಬೋಟ್ ಒಂದು ಗಂಟೆಗೆ ಸಿಗುತ್ತದೆ ಅಂತ ವಿಚಾರಿಸಿ ಇಟ್ಟಿದ್ದೆ. ಬೆಳಿಗ್ಗೆ 11ಕ್ಕೆ ಅವರಿಗೆ ‘ಬೋಟ್ ಇನ್ ಒನ್ ಅವರ್’ ಅಂತ ಕಳಿಸಿದೆ. ಅವರು 12ಕ್ಕೇ ಹೋಗಿ ಬಿಸಿಲಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದರು.

ಈಗ ಬರುವ ವಾರದವರಿಗೆ ಈ ಮೆಸೇಜ್ ಕಳಿಸಬೇಕು. ದಯವಿಟ್ಟು ನೋಡಿ ಹೇಳಿ:

‘ವೀ ವಿಲ್ ಮೀಟ್ ಯೂ ಇನ್ ಸಂಡೇ ಮಾರ್ನಿಂಗ್ ಆನ್ 7 ಓಕ್ಲಾಕ್ ಇನ್ ಉಡುಪಿ ರೈಲ್ವೆ ಸ್ಟೇಷನ್. ಮೈ ಹಸ್ಬೆಂಡ್ ವಿಲ್ ಬಿ ಆನ್ ಎ ವೈಟ್ ಕಾರ್.’

ಸುಮ್ನೆ ತಿದ್ದಿ ಕೊಟ್ಟರೆ ಸಾಲದು. ಯಾಕೆ ಹಾಗೆ ಅಂತಲೂ ಬೇಕು.

ಸುರತ್ಕಲ್ ಬ್ಯಾಂಕ್ ಕೋಚಿಂಗ್

ಅಕ್ಕ, ಇದು ತುಂಬಾ ಸುಲಭ. ನಮ್ಮ ಕ್ಲಾಸಿನಲ್ಲಿ ತ್ರಿಕೋನ ಬರೆದು ತೋರಿಸುತ್ತಾರೆ. ಮೇಲೆ ಅಗಲ ಇರುವಲ್ಲಿ ಇನ್, ನಡುವೆ ಆನ್, ಕೆಳಗಿನ ಚೂಪು ತುದಿಯಲ್ಲಿ ಆ್ಯಟ್. ದೊಡ್ಡದಕ್ಕೆ ಇನ್, ಮಧ್ಯಮಕ್ಕೆ ಆನ್, ಚಿಕ್ಕದಕ್ಕೆ ಆ್ಯಟ್. ವರ್ಷ, ತಿಂಗಳು ದೊಡ್ಡದು, ಅಲ್ಲಿ ಇನ್. ದಿನ, ತಾರೀಕು ಆನ್. ಗಂಟೆ ಆ್ಯಟ್. ಜಾಗಕ್ಕೂ ಇದೇ. ಬೆಂಗಳೂರು ದೊಡ್ಡದು, ‘ಇನ್ ಬೆಂಗಳೂರು’. ಉಡುಪಿ ಸಣ್ಣದು, ‘ಆ್ಯಟ್ ಉಡುಪಿ’. ಇಷ್ಟು ನೆನಪಿಟ್ಟರೆ ಮುಗಿಯಿತು.

ಬಂಟ್ವಾಳದ ತುಳುವ

ಕನ್ನಡದಲ್ಲಿ ‘ಬೀಚಿನಲ್ಲಿ ಮನೆ’ ಅನ್ನುವುದರಲ್ಲಿ ಒಂದು ತಪ್ಪೂ ಇಲ್ಲ. ತುಳುವಿನಲ್ಲಿ ನಾವು ‘ಇಲ್ಲಡ್ ಉಲ್ಲೆ’ ಅನ್ನುತ್ತೇವೆ. ಮನೆಯ ಒಳಗಾ, ಜಗಲಿಯಲ್ಲಾ, ಅಂಗಳದಲ್ಲಾ ಅಂತ ಯಾರೂ ಕೇಳುವುದಿಲ್ಲ. ಕನ್ನಡದ ‘ಅಲ್ಲಿ’ಯೂ ಹಾಗೇ. ಗೋಡೆಯಲ್ಲಿ ಫೋಟೋ ಇದೆ, ಡಬ್ಬದಲ್ಲಿ ಅಕ್ಕಿ ಇದೆ, ಬಾಗಿಲಲ್ಲಿ ಯಾರೋ ನಿಂತಿದ್ದಾರೆ. ಮೂರಕ್ಕೂ ಒಂದೇ. ನಮ್ಮ ಭಾಷೆ ಸರಿ ಇದೆ, ನೀವು ಬದಲಾಯಿಸಬೇಡಿ.

ತೆಂಗಿನ ತೋಟದ ಮನೆ, ಮಲ್ಪೆ

ಅಣ್ಣ, ನಾನು ಕೇಳಿದ್ದು ಇಂಗ್ಲಿಷಿನ ಬಗ್ಗೆ. ಕನ್ನಡ ಬದಲಾಯಿಸುವ ಮಾತೇ ಇಲ್ಲ.

ಕಾರ್ಕಳದ ನಿವೃತ್ತ ಮಾಷ್ಟ್ರು

ಬಂಟ್ವಾಳದವರು ಪ್ರಶ್ನೆಯನ್ನು ಬೇರೆ ಥರ ತಗೊಂಡರು. ಆದರೆ ಅವರು ಕೊಟ್ಟ ಮೂರು ವಾಕ್ಯಗಳಲ್ಲೇ ಈ ತೊಂದರೆಯ ಬೇರು ಇದೆ. ಗೋಡೆಯಲ್ಲಿ ಫೋಟೋ, ಇಂಗ್ಲಿಷಿನಲ್ಲಿ ಆನ್. ಡಬ್ಬದಲ್ಲಿ ಅಕ್ಕಿ, ಇನ್. ಬಾಗಿಲಲ್ಲಿ ಯಾರೋ, ಆ್ಯಟ್. ನಮ್ಮ ಒಂದು ‘ಅಲ್ಲಿ’ ಇಂಗ್ಲಿಷಿನಲ್ಲಿ ಮೂರಾಗಿ ಒಡೆಯುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದೇನೆ. ಮಕ್ಕಳು ತಪ್ಪುತ್ತಿದ್ದದ್ದು ಜಾಸ್ತಿ ಇಲ್ಲೇ.

ಆದರೆ ಅಮ್ಮ, ಒಂದು ಸಮಾಧಾನದ ಸಂಗತಿ ಇದೆ. ತೊಂದರೆ ಇರುವುದು ಜಾಗಕ್ಕೆ. ಸಮಯಕ್ಕೆ ಕನ್ನಡವೇ ನಿಮಗೆ ದಾರಿ ತೋರಿಸುತ್ತದೆ. ನೀವು ಕನ್ನಡದಲ್ಲಿ ಹೇಗೆ ಹೇಳುತ್ತೀರಿ ಅಂತ ಕಿವಿಗೊಟ್ಟು ಕೇಳಿ. ‘ಏಳು ಗಂಟೆಗೆ’ ಅನ್ನುತ್ತೀರಿ, ‘ಗಂಟೆಯಲ್ಲಿ’ ಅನ್ನುವುದಿಲ್ಲ. ಆ ‘ಗೆ’ ಇದ್ದಲ್ಲಿ ಆ್ಯಟ್. ‘ಜನವರಿ 18ರಂದು ಉಡುಪಿ ಮಠದ ಪರ್ಯಾಯ’ ಅನ್ನುತ್ತೀರಿ. ಆ ‘ಅಂದು’ ಇದ್ದಲ್ಲಿ, ಅಥವಾ ‘ಭಾನುವಾರ ಬನ್ನಿ’ ಅಂತ ಬರೀ ವಾರದ ಹೆಸರು ಇದ್ದಲ್ಲಿ, ಆನ್. ‘ಜನವರಿಯಲ್ಲಿ’, ‘2026ರಲ್ಲಿ’, ‘ಮಳೆಗಾಲದಲ್ಲಿ’ ಅನ್ನುತ್ತೀರಿ. ಆ ‘ಅಲ್ಲಿ’ ಇದ್ದಲ್ಲಿ ಇನ್. ಒಂದೇ ಪರ್ಯಾಯದ ಬಗ್ಗೆ ಮೂರೂ ಬರೆಯಬಹುದು: ಇನ್ ಜನವರಿ, ಆನ್ ಜನವರಿ 18, ಮೆರವಣಿಗೆ ಹೊರಡುವ ಹೊತ್ತಿಗೆ ಆ್ಯಟ್.

ಇದು ಕೈಕೊಡುವ ಜಾಗಗಳೂ ಇವೆ. ‘ಬೆಳಿಗ್ಗೆ’ಯಲ್ಲಿ ‘ಗೆ’ ಕೇಳಿಸುತ್ತದೆ ಅಂತ ಮಕ್ಕಳು ‘ಆ್ಯಟ್ ಮಾರ್ನಿಂಗ್’ ಬರೆಯುತ್ತಿದ್ದರು. ಅದು ‘ಇನ್ ದ ಮಾರ್ನಿಂಗ್’. ಮಧ್ಯಾಹ್ನ, ಸಂಜೆಯೂ ಹಾಗೇ, ಇನ್. ರಾತ್ರಿ ಮಾತ್ರ ‘ಆ್ಯಟ್ ನೈಟ್’. ಇದಕ್ಕೆ ಕಾರಣ ಹುಡುಕಬೇಡಿ, ಬಾಯಿಪಾಠ ಮಾಡಿ. ಇನ್ನೊಂದು, ಬೆಳಿಗ್ಗೆಯ ಜೊತೆ ವಾರದ ಹೆಸರು ಬಂದರೆ ವಾರದ ಮಾತೇ ನಡೆಯುತ್ತದೆ. ‘ಇನ್ ದ ಮಾರ್ನಿಂಗ್’, ಆದರೆ ‘ಆನ್ ಸಂಡೇ ಮಾರ್ನಿಂಗ್’. ‘ನೆಕ್ಸ್ಟ್ ಸಂಡೇ’, ‘ದಿಸ್ ಸಂಡೇ’ ಅಂದರೆ ಅದರ ಮೊದಲು ಈ ಮೂರರಲ್ಲಿ ಯಾವುದೂ ಬೇಡ.

ನಿಮ್ಮ ಬೋಟಿನ ಕಥೆಯಲ್ಲಿ ಇನ್ನೊಂದು ಗಂಟು ಇದೆ. ಕನ್ನಡದ ‘ಗಂಟೆ’ ಗಡಿಯಾರ ತೋರಿಸುವ ಹೊತ್ತೂ ಹೌದು, ಅರವತ್ತು ನಿಮಿಷದ ಅವಧಿಯೂ ಹೌದು. ಇಂಗ್ಲಿಷಿನಲ್ಲಿ ಅವು ಎರಡು ಬೇರೆ ಪದ, ‘ಓಕ್ಲಾಕ್’ ಮತ್ತು ‘ಅವರ್’. ‘ಇನ್ ಒನ್ ಅವರ್’ ಅಂದರೆ ಈಗಿನಿಂದ ಒಂದು ಗಂಟೆ ಕಳೆದ ಮೇಲೆ. ನೀವು 11ಕ್ಕೆ ಬರೆದಿರಿ, ಅವರು 12ಕ್ಕೆ ಹೋದರು. ಅವರು ಓದಿಕೊಂಡದ್ದು ಸರಿಯಾಗಿಯೇ ಇದೆ. ನೀವು ಬರೆಯಬೇಕಿದ್ದದ್ದು ‘ಆ್ಯಟ್ 1 ಓಕ್ಲಾಕ್’ ಅಥವಾ ‘ಆ್ಯಟ್ 1 ಪಿ.ಎಂ.’

ಜಾಗದ ಬಗ್ಗೆ ಊಟ ಮುಗಿಸಿ ಬರೆಯುತ್ತೇನೆ.

ದುಬೈಯಲ್ಲಿ ಕುಡ್ಲದವ

ಮಾಷ್ಟ್ರೇ, ನನ್ನದೂ ಒಂದು ಕೇಳಿ. ನಾನು ಇಲ್ಲಿ ಸೈಟ್ ಸೂಪರ್‌ವೈಸರ್. ಒಂದು ರಿಪೋರ್ಟಿನಲ್ಲಿ ‘ದ ಕ್ರೇನ್ ಕೇಮ್ ಇನ್ ಟೈಮ್’ ಅಂತ ಬರೆದೆ. ಕ್ರೇನ್ ಬರಬೇಕಿದ್ದದ್ದು 8ಕ್ಕೆ, ಸರಿಯಾಗಿ 8ಕ್ಕೇ ಬಂತು. ಮ್ಯಾನೇಜರ್ ಕರೆದು, ‘ಇನ್ ಟೈಮ್ ಅಂದರೆ ಯಾವುದಕ್ಕೆ ಇನ್ ಟೈಮ್? ಏನಾದರೂ ಅಪಾಯ ಆಗುವುದರಲ್ಲಿತ್ತಾ?’ ಅಂತ ಕೇಳಿದರು. ಆಮೇಲೆ ತಿಳಿಯಿತು. ಹೇಳಿದ ಹೊತ್ತಿಗೆ ಸರಿಯಾಗಿ ಬಂದರೆ ‘ಆನ್ ಟೈಮ್’. ಇನ್ನು ತಡ ಆದರೆ ಕೆಲಸ ಕೆಡುತ್ತಿತ್ತು, ಅಷ್ಟರಲ್ಲಿ ಬಂದರೆ ‘ಇನ್ ಟೈಮ್’. ನಮ್ಮ ಬಾಯಲ್ಲಿ ಎರಡಕ್ಕೂ ‘ಟೈಮಿಗೆ ಬಂತು’. ಬಸ್ ‘ಆನ್ ಟೈಮ್’ ಬಂತು, ಹಾಗಾಗಿ ನಾನು ಪರೀಕ್ಷೆಗೆ ‘ಇನ್ ಟೈಮ್’ ಮುಟ್ಟಿದೆ. ನಾನು ಹೀಗೆ ನೆನಪಿಟ್ಟುಕೊಂಡಿದ್ದೇನೆ.

ಕಾರ್ಕಳದ ನಿವೃತ್ತ ಮಾಷ್ಟ್ರು

ದುಬೈಯವರು ಹೇಳಿದ್ದು ಸರಿಯಾಗಿದೆ.

ಈಗ ಜಾಗ. ಸುರತ್ಕಲ್ಲಿನ ತಮ್ಮ ಹೇಳಿದ ತ್ರಿಕೋನ ಸಮಯಕ್ಕೆ ಚೆನ್ನಾಗಿ ನಡೆಯುತ್ತದೆ. ಜಾಗಕ್ಕೆ ಬಂದರೆ ದಾರಿ ತಪ್ಪಿಸುತ್ತದೆ. ಬೆಂಕಿಪೊಟ್ಟಣ ಎಷ್ಟು ಚಿಕ್ಕದು, ಆದರೂ ಕಡ್ಡಿ ಇರುವುದು ಇನ್. ರಾಷ್ಟ್ರೀಯ ಹೆದ್ದಾರಿ 66 ಎಷ್ಟು ಉದ್ದ, ಆದರೂ ಲಾರಿ ಇರುವುದು ಆನ್. ಅಳತೆ ನೋಡಿದರೆ ಆಗುವುದಿಲ್ಲ. ನೋಡಬೇಕಾದ್ದು, ಹೇಳುವವರು ಆ ಜಾಗವನ್ನು ಮನಸ್ಸಿನಲ್ಲಿ ಹೇಗೆ ಚಿತ್ರ ಮಾಡಿಕೊಂಡಿದ್ದಾರೆ ಅನ್ನುವುದು. ಸುತ್ತ ಗಡಿ ಇದ್ದು ನಾವು ಅದರೊಳಗೆ ಇದ್ದರೆ ಇನ್. ಒಂದು ಮೈ ಇದ್ದು ಅದಕ್ಕೆ ತಾಗಿಕೊಂಡಿದ್ದರೆ ಆನ್. ಒಳಗು, ಮೈ ಯಾವುದೂ ಲೆಕ್ಕಕ್ಕಿಲ್ಲದೆ, ನಕ್ಷೆಯಲ್ಲಿ ಬೆರಳಿಟ್ಟು ‘ಇಲ್ಲಿ’ ಅಂದ ಹಾಗೆ ಇದ್ದರೆ ಆ್ಯಟ್.

ನಿಮ್ಮ ಮಲ್ಪೆಯನ್ನೇ ತಗೊಳ್ಳಿ. ಈಜುವವರು ‘ಇನ್ ದ ಸೀ’, ನೀರು ಸುತ್ತ ಇದೆ. ಮರಳಿನ ಮೇಲೆ ಕೂತವರು ‘ಆನ್ ದ ಬೀಚ್’, ಮರಳು ಮೈಗೆ ತಾಗುತ್ತಿದೆ. ‘ಸಂಜೆ ಎಲ್ಲಿ ಸಿಗೋಣ?’ ಅಂತ ಫೋನಿನಲ್ಲಿ ಕೇಳಿದರೆ ‘ಆ್ಯಟ್ ದ ಬೀಚ್’. ಅಲ್ಲಿ ಮರಳು, ನೀರು, ಚರುಮುರಿ ಗಾಡಿ ಎಲ್ಲ ಸೇರಿ ಒಂದು ಗುರುತು, ಅಷ್ಟೇ. ದ್ವೀಪಕ್ಕೆ ‘ಆನ್ ದ ಐಲ್ಯಾಂಡ್’, ನೀರಿನಿಂದ ಎದ್ದ ನೆಲದ ಮೇಲೆ ಕಾಲಿಟ್ಟ ಚಿತ್ರ ಅದು.

ಈಗ ನಿಮ್ಮ ಮನೆಗೆ ಬನ್ನಿ. ‘ಹೌಸ್ ಆನ್ ದ ಬೀಚ್’ ಅಂದರೆ ಮನೆ ಮರಳಿಗೇ ತಾಗಿಕೊಂಡಿದೆ. ಮೆಟ್ಟಿಲು ಇಳಿದರೆ ಮರಳು. ಓದಿದವರು ಕಿಟಕಿಯಲ್ಲಿ ಸಮುದ್ರ ಹುಡುಕಿದ್ದು ಅದಕ್ಕೇ. 400 ಮೀಟರ್ ದೂರ ಇದ್ದರೆ ಈ ಮೂರರಲ್ಲಿ ಯಾವುದೂ ಬೇಡ. ‘ನಿಯರ್ ದ ಬೀಚ್, ಫೈವ್ ಮಿನಿಟ್ಸ್ ಆನ್ ಫುಟ್’ ಅಂತ ಬರೆಯಿರಿ.

ಬಿಜೈಯ ಕೊಂಕಣಿ ಮನೆ

ಮಾಷ್ಟ್ರೇ, ಇದನ್ನು ಓದಿ ನನಗೆ ಒಂದು ಹೊಳೆಯಿತು. ನಮ್ಮ ಕೊಂಕಣಿಯಲ್ಲಿ ‘ಘರಾಂತ್’ ಅಂದರೆ ಮನೆಯ ಒಳಗೆ. ‘ಮೆಜಾರ್’ ಅಂದರೆ ಮೇಜಿನ ಮೇಲೆ. ಬಾಲ ಬೇರೆ ಬೇರೆ ಇದೆ. ಬರೀ ‘ಘರಾ ಆಸಾಂ’ ಅಂದರೆ ಮನೆಯಲ್ಲಿದ್ದೇನೆ ಅಂತ, ಒಳಗಾ ಹೊರಗಾ ಅನ್ನುವ ಪ್ರಶ್ನೆ ಇಲ್ಲ. ಇದೇ ಇನ್, ಆನ್, ಆ್ಯಟ್ ಅಲ್ವಾ? ನನ್ನ ಅಮ್ಮ ಶಾಲೆಗೆ ಹೋದದ್ದು ಕಮ್ಮಿ, ಆದರೆ ‘ಆ್ಯಟ್ ಹೋಮ್’, ‘ಇನ್ ದ ಹೌಸ್’ ಎರಡನ್ನೂ ಅದಲುಬದಲು ಮಾಡಿದ್ದು ನಾನು ಕೇಳಿಲ್ಲ.

ಕಾರ್ಕಳದ ನಿವೃತ್ತ ಮಾಷ್ಟ್ರು

ಒಳ್ಳೆಯ ಮಾತು ಹೇಳಿದಿರಿ. ಎಲ್ಲ ಕಡೆ ಹೊಂದುತ್ತದೆ ಅಂತ ಹೇಳಲಾರೆ, ಆದರೆ ‘ಘರಾ’ ಮತ್ತು ‘ಘರಾಂತ್’ ಜೋಡಿ ಹೊಂದುತ್ತದೆ. ಕನ್ನಡದ ಮಕ್ಕಳು ‘ಐ ಆಮ್ ಇನ್ ಹೋಮ್’ ಅಂತ ಬರೆಯುವುದನ್ನು ಬಿಡಿಸಲು ನಾನು ತುಂಬಾ ಕಷ್ಟಪಟ್ಟಿದ್ದೇನೆ.

ಸುರತ್ಕಲ್ ಬ್ಯಾಂಕ್ ಕೋಚಿಂಗ್

ಸರ್, ಬೆಂಕಿಪೊಟ್ಟಣ ಒಪ್ಪಿದೆ. ಹಾಗಾದರೆ ಬಸ್ಸಿಗೂ ಗೋಡೆ, ಮಾಡು, ಬಾಗಿಲು ಎಲ್ಲ ಇದೆ. ನಾವು ಅದರ ಒಳಗೇ ಕೂರುವುದು. ಆದರೂ ಉತ್ತರ ಯಾಕೆ ‘ಆನ್ ದ ಬಸ್’? ಕಾರಿಗೆ ಮಾತ್ರ ‘ಇನ್ ದ ಕಾರ್’? ನಿಮ್ಮ ಚಿತ್ರವೂ ಇಲ್ಲಿ ನಡೆಯಲಿಲ್ಲ.

ಕಾರ್ಕಳದ ನಿವೃತ್ತ ಮಾಷ್ಟ್ರು

ಸರಿಯಾದ ಕಡೆ ಹಿಡಿದೆ ತಮ್ಮ. ವಾಹನಕ್ಕೆ ನಾನು ಹೇಳಿಕೊಡುತ್ತಿದ್ದ ಗುರುತು ಇದು: ಒಳಗೆ ಎದ್ದು ನಿಂತು ನಾಲ್ಕು ಹೆಜ್ಜೆ ನಡೆಯಲು ಆಗುತ್ತದಾ? ಆಗುವುದಾದರೆ ಆನ್. ಬಸ್, ರೈಲು, ವಿಮಾನ, ಹಡಗು ಎಲ್ಲ ಆನ್. ಮೈ ಮಡಚಿ ಕೂತೇ ಇರಬೇಕಾದರೆ ಇನ್. ಕಾರು, ಆಟೋ, ಸಣ್ಣ ದೋಣಿ ಎಲ್ಲ ಇನ್. ಕಾಲು ಆಚೀಚೆ ಹಾಕಿ ಮೇಲೆ ಕೂರುವ ಸೈಕಲ್, ಬೈಕ್ ಮತ್ತೆ ಆನ್. ಹತ್ತಿ ಇಳಿಯುವುದಕ್ಕೂ ಇದೇ ಜೋಡಿ: ‘ಗೆಟ್ ಆನ್ ದ ಬಸ್’, ‘ಗೆಟ್ ಆಫ್ ದ ಬಸ್’. ಕಾರಿಗೆ ‘ಗೆಟ್ ಇನ್’, ‘ಗೆಟ್ ಔಟ್’.

ಹಾಗಂತ ‘ಇನ್ ದ ಬಸ್’ ಕಂಡ ತಕ್ಷಣ ಕೆಂಪು ಗೆರೆ ಎಳೆಯಬಾರದು. ‘ಬಸ್ಸಿನೊಳಗೆ ಸೆಕೆ’ ಅಂತ ಒಳಗನ್ನು ಒತ್ತಿ ಹೇಳುವಾಗ ಇನ್ ಬರುತ್ತದೆ. ‘ಬಸ್ಸಿನಲ್ಲಿದ್ದೇನೆ, ಪಡುಬಿದ್ರಿ ದಾಟಿತು’ ಅಂತ ಪ್ರಯಾಣದ ಮಾತಾದರೆ ಆನ್.

ಅಮ್ಮ, ನಿಮ್ಮ ‘ಆನ್ ಎ ವೈಟ್ ಕಾರ್’ ಓದಿದವರಿಗೆ ನಿಮ್ಮ ಯಜಮಾನರು ಕಾರಿನ ಮಾಡಿನ ಮೇಲೆ ಕೂತ ಹಾಗೆ ಕಾಣುತ್ತದೆ. ‘ಇನ್ ಎ ವೈಟ್ ಕಾರ್’ ಮಾಡಿ.

ಕುಂದಾಪುರದ ಆಫೀಸ್ ಕ್ಲರ್ಕ್

ಸಮಯದ ಬಗ್ಗೆ ಮಾತು ಬಂದದ್ದಕ್ಕೆ ಕೇಳುತ್ತೇನೆ. ನಾನು ಆಫೀಸಿನಲ್ಲಿ ದಿನಾ ‘ಸಬ್ಮಿಟ್ ವಿದಿನ್ ಫ್ರೈಡೇ’ ಅಂತ ಬರೆಯುತ್ತೇನೆ. ಶುಕ್ರವಾರದ ಒಳಗೆ ಕೊಡಿ ಅಂತ. ಹೊಸದಾಗಿ ಬಂದ ಮೇಡಂ ಅದನ್ನು ಹೊಡೆದು ‘ಬೈ ಫ್ರೈಡೇ’ ಅಂತ ಮಾಡಿದರು. ಒಳಗೆ ಅಂದರೆ ವಿದಿನ್ ಅಲ್ವಾ?

ಕಾರ್ಕಳದ ನಿವೃತ್ತ ಮಾಷ್ಟ್ರು

ಮೇಡಂ ಮಾಡಿದ್ದು ಸರಿ. ‘ವಿದಿನ್’ಗೆ ಮುಂದೆ ಅಳೆಯುವ ಅವಧಿ ಬೇಕು: ಮೂರು ದಿನ, ಒಂದು ವಾರ. ‘ವಿದಿನ್ ತ್ರೀ ಡೇಸ್’ ಸರಿ. ಶುಕ್ರವಾರ ಒಂದು ಗಡುವು, ಅದಕ್ಕೆ ‘ಬೈ’. ಕನ್ನಡದ ‘ಒಳಗೆ’ ಎರಡಕ್ಕೂ ನಡೆಯುತ್ತದೆ. ಹಾಗಾಗಿ ನಮಗೆ ವ್ಯತ್ಯಾಸ ಕಾಣುವುದಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ. ‘ಐ ವಿಲ್ ಕಮ್ ಇನ್ ಟೂ ಡೇಸ್’ ಅಂದರೆ ಎರಡು ದಿನ ಬಿಟ್ಟು ಬರುತ್ತೇನೆ. ನಾವು ‘ಎರಡು ದಿನದಲ್ಲಿ ಬರುತ್ತೇನೆ’ ಅಂದಾಗ ನಾಳೆಯೇ ಬಂದರೂ ಬರಬಹುದು. ಅದಕ್ಕೆ ‘ವಿದಿನ್ ಟೂ ಡೇಸ್’. ಕೆಲಸ ಮುಗಿಸುವ ಮಾತಾದರೆ, ‘ಐ ಪೇಂಟೆಡ್ ದ ಹೌಸ್ ಇನ್ ಟೂ ಡೇಸ್’, ಅಲ್ಲಿ ಎರಡು ದಿನ ಹಿಡಿಯಿತು ಅಂತ ಅರ್ಥ. ಹೋಮ್‌ಸ್ಟೇಯವರೂ ಇದನ್ನು ಗಮನಿಸಿ.

ಕುಂದಾಪುರದ ಆಫೀಸ್ ಕ್ಲರ್ಕ್

ಒಪ್ಪಿದೆ ಸರ್. ನಾಳೆಯೇ ಬೋರ್ಡಿನ ನೋಟಿಸ್ ತೆಗೆದು ಬೇರೆ ಹಾಕುತ್ತೇನೆ.

ತೆಂಗಿನ ತೋಟದ ಮನೆ, ಮಲ್ಪೆ

ಎಲ್ಲವನ್ನೂ ಎರಡು ಸಲ ಓದಿದೆ. ಮಾಷ್ಟ್ರು ಹೇಳಿದ ಹಾಗೆ ಮೊದಲು ಕನ್ನಡದಲ್ಲಿ ಬರೆದುಕೊಂಡೆ: ‘ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಉಡುಪಿ ಸ್ಟೇಷನ್ನಿನಲ್ಲಿ ಸಿಗುತ್ತೇವೆ.’ ಭಾನುವಾರ ಬರೀ ಹೆಸರು, ಜೊತೆಗೆ ಬೆಳಿಗ್ಗೆ ಇದ್ದರೂ ವಾರದ ಮಾತೇ ನಡೆಯುತ್ತದೆ, ಹಾಗಾಗಿ ಆನ್. ಗಂಟೆಗೆ, ಆ್ಯಟ್. ಸ್ಟೇಷನ್ನಿನಲ್ಲಿ ಅನ್ನುವಾಗ ತಡೆದೆ. ಇದು ಜಾಗ, ಇಲ್ಲಿ ‘ಅಲ್ಲಿ’ಯನ್ನು ನಂಬಬಾರದು. ಅವರು ಒಳಗೆ ಪ್ಲಾಟ್‌ಫಾರ್ಮಿನಲ್ಲಿ ಇದ್ದರೂ ಸರಿ, ಹೊರಗೆ ಆಟೋ ನಿಲ್ಲುವಲ್ಲಿ ಇದ್ದರೂ ಸರಿ. ನನಗೆ ಬೇಕಾದ್ದು ಇಂದ್ರಾಳಿಯ ಆ ಒಂದು ಗುರುತು. ಹಾಗಾಗಿ ಆ್ಯಟ್. ಈಗ ಹೀಗಾಯಿತು:

‘ವೀ ವಿಲ್ ಮೀಟ್ ಯೂ ಆ್ಯಟ್ ಉಡುಪಿ ರೈಲ್ವೆ ಸ್ಟೇಷನ್ ಆನ್ ಸಂಡೇ ಮಾರ್ನಿಂಗ್ ಆ್ಯಟ್ 7 ಓಕ್ಲಾಕ್. ಮೈ ಹಸ್ಬೆಂಡ್ ವಿಲ್ ಬಿ ಇನ್ ಎ ವೈಟ್ ಕಾರ್.’

ಇನ್ನೊಂದು ಸಾಲು ಸೇರಿಸಲಿಕ್ಕಿದೆ: ‘ವೆನ್ ಯೂ ರೀಚ್ ಟು ಉಡುಪಿ, ಕಾಲ್ ಅಸ್.’ ಸರಿ ಇದೆಯಾ?

ಕಾರ್ಕಳದ ನಿವೃತ್ತ ಮಾಷ್ಟ್ರು

ಮೊದಲಿನ ಎರಡು ವಾಕ್ಯಕ್ಕೆ ಪೂರ್ತಿ ಅಂಕ. ಕೊನೆಯದರಲ್ಲಿ ‘ಟು’ ತೆಗೆಯಿರಿ. ‘ಉಡುಪಿಗೆ ಮುಟ್ಟಿದೆ’ ಅನ್ನುವ ನಮ್ಮ ‘ಗೆ’ ಅಲ್ಲಿ ನುಗ್ಗಿದೆ. ‘ರೀಚ್ ಉಡುಪಿ’ ಸಾಕು.

ಸುರತ್ಕಲ್ ಬ್ಯಾಂಕ್ ಕೋಚಿಂಗ್

ಸರ್, ನನ್ನ ‘ಆ್ಯಟ್ ಉಡುಪಿ’ ಏನಾಯಿತು? ನಮ್ಮ ಮನೆಯ ಮದುವೆ ಕಾಗದಗಳಲ್ಲೆಲ್ಲ ‘ಆ್ಯಟ್ ಉಡುಪಿ’ ಅಂತಲೇ ಇದೆ.

ಕಾರ್ಕಳದ ನಿವೃತ್ತ ಮಾಷ್ಟ್ರು

ದೊಡ್ಡ ಊರಿಗೆ ಇನ್, ಸಣ್ಣ ಊರಿಗೆ ಆ್ಯಟ್ ಅನ್ನುವುದು ಹಳೆಯ ಶಾಲಾ ಪಾಠ. ನಾನೂ ಹಾಗೇ ಕಲಿತವನು. ಈಗ ವಾಸಕ್ಕೆ ಊರು ಎಷ್ಟೇ ಸಣ್ಣದಿದ್ದರೂ ‘ಐ ಲಿವ್ ಇನ್ ಕಾರ್ಕಳ’ ಅನ್ನುವುದೇ ಸಹಜ. ಪ್ರಯಾಣದ ನಡುವಿನ ಒಂದು ನಿಲುಗಡೆ ಆದಾಗ ಊರಿಗೂ ಆ್ಯಟ್ ಬರುತ್ತದೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ‘ಸ್ಟಾಪ್ಸ್ ಆ್ಯಟ್ ಉಡುಪಿ’. ರೈಲಿನ ಲೆಕ್ಕದಲ್ಲಿ ಉಡುಪಿ ಒಂದು ಚುಕ್ಕೆ. ನಿನ್ನ ಲೆಕ್ಕದಲ್ಲಿ ಅದು ಜನ, ಬೀದಿ, ಮಠ ಇರುವ ಊರು. ಮದುವೆ ಕಾಗದದಲ್ಲಿ ಹಾಲ್‌ನ ಹೆಸರಿಗೆ ಆ್ಯಟ್, ಊರಿಗೆ ಇನ್ ಹಾಕಿದರೆ ಚೆನ್ನ.

ದುಬೈಯಲ್ಲಿ ಕುಡ್ಲದವ

ವಾರಾಂತ್ಯದ ಬಗ್ಗೆಯೂ ಹೇಳಿ. ನನ್ನ ಬ್ರಿಟಿಷ್ ಮ್ಯಾನೇಜರ್ ‘ಆ್ಯಟ್ ದ ವೀಕೆಂಡ್’ ಅನ್ನುತ್ತಾರೆ, ಅಮೆರಿಕದ ಎಂಜಿನಿಯರ್ ‘ಆನ್ ದ ವೀಕೆಂಡ್’. ಒಬ್ಬರದ್ದು ಹೇಳಿದರೆ ಇನ್ನೊಬ್ಬರು ತಿದ್ದುತ್ತಾರೆ.

ಕಾರ್ಕಳದ ನಿವೃತ್ತ ಮಾಷ್ಟ್ರು

ಎರಡೂ ಸರಿ. ಯಾರಿಗೆ ಬರೆಯುತ್ತೀರಿ ನೋಡಿಕೊಂಡು ಬರೆಯಿರಿ. ಬೀದಿಗೂ ಇದೇ ಜಗಳ ಇದೆ. ಬ್ರಿಟಿಷರು ಹೆಚ್ಚಾಗಿ ‘ಇನ್ ದ ಸ್ಟ್ರೀಟ್’ ಅನ್ನುತ್ತಾರೆ, ಅಮೆರಿಕದವರು ‘ಆನ್ ದ ಸ್ಟ್ರೀಟ್’.

ಬಿಜೈಯ ಕೊಂಕಣಿ ಮನೆ

ಹಾಗಾದರೆ ನನ್ನ ಭಾವನ ಹೂವಿನ ಅಂಗಡಿಯ ವಿಷಯ ಹೇಳಿ ಮಾಷ್ಟ್ರೇ. ಅಂಗಡಿ ಮಂಗಳೂರಿನ ರಥಬೀದಿಯಲ್ಲಿ. ಹೊಸ ಬೋರ್ಡ್ ಮಾಡಿಸುತ್ತಿದ್ದಾನೆ. ‘ಇನ್ ಕಾರ್ ಸ್ಟ್ರೀಟ್’ ಅಂತಾನೋ ‘ಆನ್ ಕಾರ್ ಸ್ಟ್ರೀಟ್’ ಅಂತಾನೋ?

ಕಾರ್ಕಳದ ನಿವೃತ್ತ ಮಾಷ್ಟ್ರು

ನನ್ನ ಕೈಯಾದರೆ ಇನ್ ಬರೆಯುತ್ತದೆ. ಎರಡೂ ಬದಿಯ ಅಂಗಡಿಗಳ ನಡುವೆ ರಥ ಹೋಗುವ ಬೀದಿ ಅದು, ನನಗೆ ಅದರ ಒಳಗೆ ನಿಂತ ಹಾಗೇ ಅನಿಸುತ್ತದೆ.

ಸುರತ್ಕಲ್ ಬ್ಯಾಂಕ್ ಕೋಚಿಂಗ್

ನಾನಾದರೆ ಆನ್ ಹಾಕುತ್ತೇನೆ ಸರ್. ಈಗ ಫೋನಿನ ಮ್ಯಾಪ್ ನೋಡಿ ಬರುವವರೇ ಜಾಸ್ತಿ. ಮ್ಯಾಪಿನಲ್ಲಿ ಬೀದಿ ಒಂದು ಗೆರೆ, ಅಂಗಡಿ ಆ ಗೆರೆಗೆ ತಾಗಿದ ಚುಕ್ಕೆ. ನೀವೇ ಹೇಳಿದ ಲೆಕ್ಕದಲ್ಲಿ ತಾಗಿಕೊಂಡರೆ ಆನ್ ಅಲ್ವಾ?

ಬಿಜೈಯ ಕೊಂಕಣಿ ಮನೆ

ಬೋರ್ಡ್ ಬರೆಯುವವರು ಬುಧವಾರ ಬರುತ್ತಾರಂತೆ. ಅಷ್ಟರೊಳಗೆ ಇನ್ನೂ ಯಾರಾದರೂ ಹೇಳುವುದಿದ್ದರೆ ಹೇಳಿ.